"ವಿಷಾದಿಸುತ್ತೇವೆ" ಅಂದರೆ ಏನು?

"ತಮಗೆ ಉಂಟಾದ ಅನಾನುಕೂಲತೆಗೆ ವಿಷಾದಿಸುತ್ತೇವೆ."

ನಮ್ಮ ಆಸ್ಪತ್ರೆಯಿಂದ ದೂರುದಾರರಿಗೆ ಹೋಗುವ ಉತ್ತರಗಳಲ್ಲಿ ಈ ವಾಕ್ಯ ಇದ್ದೇ ಇರುತ್ತಿತ್ತು. ಲಿಫ್ಟ್ ಕೆಟ್ಟಿದ್ದಕ್ಕೂ ಇದೇ, ಬಿಲ್ಲಿನಲ್ಲಿ ಹೆಸರು ತಪ್ಪಾಗಿದ್ದಕ್ಕೂ ಇದೇ, ತಾಯಿ ಕಣ್ಣೆದುರಿಗೇ ಪ್ರಜ್ಞೆ ತಪ್ಪುವ ಹಾಗಾಗಿದ್ದನ್ನು ನೋಡಿದ ಮಗಳಿಗೂ ಇದೇ. ಇಂಗ್ಲಿಷಿನಲ್ಲಿ ಓದುವಾಗ ಅದರಲ್ಲಿ ಏನೋ ಒಂದು ಗತ್ತು ಇರುವ ಹಾಗೆ ಕಾಣುತ್ತದೆ. ಕನ್ನಡಕ್ಕೆ ತಂದ ಕೂಡಲೇ ಬಣ್ಣ ಬಯಲಾಗಿಬಿಡುತ್ತೆ ನೋಡಿ. ಅನಾನುಕೂಲತೆ ಅಂತೆ!

ನಾನಿರುವುದು ಒಂದು ಜಿಲ್ಲಾ ಕೇಂದ್ರದ ಖಾಸಗಿ ಆಸ್ಪತ್ರೆಯ ರೋಗಿ ಸಂಪರ್ಕ ವಿಭಾಗದಲ್ಲಿ. ಮೇಲಿನ ಕಚೇರಿಯಲ್ಲಿ ತಯಾರಾದ ಇಂಗ್ಲಿಷ್ ಉತ್ತರವನ್ನು ಕನ್ನಡಕ್ಕೆ ಇಳಿಸುವುದೂ ನನ್ನ ಕೆಲಸದಲ್ಲಿ ಸೇರಿದೆ. ಇವತ್ತು ಹೇಳಹೊರಟಿರುವುದು ಹಾಗೆ ಇಳಿಸದೆ ಹೊಸದಾಗಿಯೇ ಬರೆದ ಒಂದು ಪತ್ರದ ಬಗ್ಗೆ. ಯಾರ ಗುರುತೂ ಸಿಗದಿರಲಿ ಅಂತ ಕೆಲವು ವಿವರಗಳನ್ನು ಬದಲಿಸಿದ್ದೇನೆ, ಆ ಮನೆಯವರ ಒಪ್ಪಿಗೆಯನ್ನೂ ಕೇಳಿದ್ದೇನೆ.

ದೂರು ಬಂದಿದ್ದು ಮೂರು ಪುಟದ ಕೈಬರಹದಲ್ಲಿ. ಬರೆದವರು ಮಗಳು. ತಾಯಿಗೆ ಅರವತ್ತೆಂಟು ವರ್ಷ, ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ. ಹೊಟ್ಟೆನೋವು ಅಂತ ದಾಖಲಾಗಿದ್ದರು. ಎರಡನೇ ದಿನ ಬೆಳಿಗ್ಗೆ ತಾಯಿ ಮೈಯೆಲ್ಲ ಬೆವರಿ, ಮಾತು ತೊದಲಿ, ಮಗಳನ್ನೇ ಗುರುತಿಸದ ಹಾಗಾದರು. "ಅರ್ಧ ಗಂಟೆ ಕರೆದರೂ ಯಾರೂ ಬರಲಿಲ್ಲ. ಕೊನೆಗೆ ನಾನೇ ಫ್ಲಾಸ್ಕಿನ ನೀರಿಗೆ ಸಕ್ಕರೆ ಕಲಸಿ ಕುಡಿಸಿದೆ. ಆಮೇಲೆ ಬಂದ ಸಿಸ್ಟರ್, ನಿಮಗೆ ಯಾರು ಹೇಳಿದ್ದು ಸಕ್ಕರೆ ಕೊಡೋಕೆ ಅಂತ ನನ್ನನ್ನೇ ಗದರಿದರು" ಅಂತ ಬರೆದಿದ್ದರು. ಜೊತೆಗೆ ಬಿಲ್ಲಿನ ಪ್ರತಿ. ಅದರಲ್ಲಿ ಆ ಹೊತ್ತಿಗೆ ಹಾಕಿದ ಗ್ಲೂಕೋಸ್ ಬಾಟಲಿಗೂ, ಸಕ್ಕರೆ ಪರೀಕ್ಷೆಯ ಸ್ಟ್ರಿಪ್ಪುಗಳಿಗೂ ಹಿಡಿದಿದ್ದ ದುಡ್ಡಿನ ಕೆಳಗೆ ಕೆಂಪು ಗೆರೆ.

ಇದಕ್ಕೆ ಮೇಲಿನಿಂದ ಬಂದ ಕರಡು ಉತ್ತರದ ಕನ್ನಡ ಹೀಗಾಗುತ್ತಿತ್ತು:

"ತಮ್ಮ ಪತ್ರ ತಲುಪಿದೆ. ತಮ್ಮ ಅಭಿಪ್ರಾಯ ನಮಗೆ ಅಮೂಲ್ಯ. ಸದರಿ ರೋಗಿಯ ದಾಖಲೆಗಳನ್ನು ಪರಿಶೀಲಿಸಲಾಗಿದ್ದು, ಹೈಪೋಗ್ಲೈಸೀಮಿಯಾವು ಇನ್ಸುಲಿನ್ ಚಿಕಿತ್ಸೆಯ ಪರಿಚಿತ ತೊಡಕಾಗಿದೆ. ಸಿಬ್ಬಂದಿಯು 14 ನಿಮಿಷಗಳಲ್ಲಿ ಸ್ಪಂದಿಸಿದ್ದು, ನಿಯಮಾನುಸಾರ ಚಿಕಿತ್ಸೆ ನೀಡಿರುವುದು ಕಂಡುಬಂದಿರುತ್ತದೆ. ಸಂಬಂಧಪಟ್ಟ ಸಿಬ್ಬಂದಿಗೆ ಸೂಕ್ತ ತಿಳುವಳಿಕೆ ನೀಡಲಾಗಿದೆ. ಮುಂದೆ ಇಂಥದ್ದು ಮರುಕಳಿಸದಂತೆ ಎಚ್ಚರ ವಹಿಸಲಾಗುವುದು. ತಮಗೆ ಉಂಟಾದ ಅನಾನುಕೂಲತೆಗೆ ವಿಷಾದಿಸುತ್ತೇವೆ."

ಇದರಲ್ಲಿ ಸುಳ್ಳು ಒಂದೂ ಇಲ್ಲ. ಅದೇ ತಮಾಷೆ. ಆದರೆ ಎಲ್ಲ ಸರಿಯಾಗಿತ್ತು ಅಂತಾದರೆ ಸಿಬ್ಬಂದಿಗೆ ತಿಳುವಳಿಕೆ ಕೊಟ್ಟಿದ್ದು ಯಾಕೆ? ಇಂಥದ್ದು ಮರುಕಳಿಸದಂತೆ ಅಂದರೆ ಎಂಥದ್ದು? ಓದಿದವರಿಗೆ ಇದು ತಕ್ಷಣ ಹೊಳೆಯುತ್ತದೆ. ಸಾಮಾನ್ಯವಾಗಿ ಇಂಥ ಉತ್ತರ ಹೋದ ಹದಿನೈದು ದಿನಕ್ಕೆ ಎರಡನೇ ದೂರು ಬರುತ್ತದೆ. ಮೊದಲನೆಯದರಲ್ಲಿ ದುಃಖ ಇರುತ್ತೆ, ಎರಡನೆಯದರಲ್ಲಿ ವಕೀಲರ ಭಾಷೆ.

ನಮ್ಮ ಅಧೀಕ್ಷಕರು ಒಳ್ಳೆಯವರು. "ಹಾಗಾದರೆ ನೀವೇ ಬರೆಯಿರಿ ನೋಡೋಣ, ಆದರೆ ಒಂದು ವಾಕ್ಯವೂ ದಾಖಲೆಯಿಲ್ಲದೆ ಇರಬಾರದು" ಅಂದರು.

ಬರೆಯುವ ಮೊದಲು ಆ ಮಗಳಿಗೆ ಫೋನ್ ಮಾಡಿದೆ. ಇದಕ್ಕೆ ಎರಡು ಕಾರಣ. ಒಂದು, ದೂರು ಕೊಟ್ಟಿದ್ದು ಮಗಳು, ಆದರೆ ಕಾಯಿಲೆಯ ವಿವರಗಳು ತಾಯಿಯವು. ತಾಯಿ ಗಟ್ಟಿಯಾಗಿ ಮನೆಯಲ್ಲಿದ್ದಾರೆ, ಅವರ ಒಪ್ಪಿಗೆ ಇಲ್ಲದೆ ಅವರ ಸಕ್ಕರೆ ಎಷ್ಟಿತ್ತು, ಯಾವ ಔಷಧಿ ಕೊಟ್ಟೆವು ಅಂತ ಇನ್ನೊಬ್ಬರಿಗೆ ಬರೆಯುವ ಹಾಗಿಲ್ಲ, ಅದು ಸ್ವಂತ ಮಗಳೇ ಆದರೂ. ತಾಯಿಯೇ ಫೋನಿಗೆ ಬಂದು "ಬರೀರಮ್ಮ, ನಂದೇನೂ ಗುಟ್ಟಿಲ್ಲ" ಅಂದರು. ಅದನ್ನು ದಿನಾಂಕದ ಸಮೇತ ಕಡತದಲ್ಲಿ ಬರೆದಿಟ್ಟು, ಆಮೇಲೆ ಸಹಿಯನ್ನೂ ತರಿಸಿಕೊಂಡೆ. ಎರಡನೆಯ ಕಾರಣ, ದೂರಿನ ಪತ್ರದಲ್ಲಿ ಇರುವುದೇ ಬೇರೆ, ಬರೆದವರಿಗೆ ತಿಳಿಯಬೇಕಾಗಿರುವುದೇ ಬೇರೆ ಆಗಿರುವುದುಂಟು. "ಈ ಉತ್ತರದಲ್ಲಿ ನಿಮಗೆ ಮುಖ್ಯವಾಗಿ ಏನು ತಿಳಿಯಬೇಕು?" ಅಂತ ಕೇಳಿದೆ. ಬಿಲ್ಲು ಅನ್ನುತ್ತಾರೆ, ಇಲ್ಲಾ ಸಿಸ್ಟರ್ ಬಗ್ಗೆ ಹೇಳುತ್ತಾರೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಾನು ಸಕ್ಕರೆ ಕೊಟ್ಟಿದ್ದು ತಪ್ಪಾ ಮೇಡಂ? ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಕೊಟ್ಟುಬಿಟ್ಟೆ. ಅದರಿಂದ ಅಮ್ಮನಿಗೆ ಏನಾದರೂ ಹೆಚ್ಚುಕಮ್ಮಿ ಆಯಿತಾ?" ಅಂದರು.

ಮೂರು ವಾರದಿಂದ ಆಕೆ ಇದನ್ನು ಹೊತ್ತುಕೊಂಡು ತಿರುಗುತ್ತಿದ್ದರು. ಕರಡಿನಲ್ಲಿ ಇದರ ಬಗ್ಗೆ ಒಂದಕ್ಷರ ಇರಲಿಲ್ಲ.

ಇನ್ನು ಆವತ್ತು ನಿಜವಾಗಿ ಏನಾಯಿತು ಅನ್ನುವುದು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಹಿಂದಿನ ಸಂಜೆ ರೌಂಡ್ಸಿಗೆ ಬಂದ ಡಾಕ್ಟರು ಮರುದಿನ ಬೆಳಿಗ್ಗೆ ಹೊಟ್ಟೆಯ ಸ್ಕ್ಯಾನಿಂಗ್ ಆಗಬೇಕು, ಖಾಲಿ ಹೊಟ್ಟೆಯಲ್ಲಿರಬೇಕು ಅಂತ ಕೇಸ್ ಶೀಟಿನ ಪರೀಕ್ಷೆಗಳ ಪುಟದಲ್ಲಿ ಬರೆದರು. ಅದನ್ನು ನೋಡಿ ಅಡುಗೆಮನೆಗೆ ಹೇಳಿ ತಿಂಡಿ ನಿಲ್ಲಿಸಿದರು, ಮಂಚಕ್ಕೆ ಎನ್.ಬಿ.ಎಂ. ಬೋರ್ಡು ತೂಗುಹಾಕಿದರು. ಬಾಯಿಗೆ ಏನೂ ಕೊಡಬೇಡಿ ಅಂತ ಅದರ ಅರ್ಥ. ಆದರೆ ಔಷಧಿಗಳ ಪುಟವೇ ಬೇರೆ. ಅಲ್ಲಿ "ತಿಂಡಿಗೆ ಮೊದಲು ಇನ್ಸುಲಿನ್ 12 ಯೂನಿಟ್" ಅಂತ ಮೊದಲ ದಿನ ಬರೆದಿದ್ದು ಹಾಗೇ ಉಳಿದಿತ್ತು. ರಾತ್ರಿ ಪಾಳಿಯ ಸಿಸ್ಟರ್ ಬೆಳಿಗ್ಗೆ 7:20ಕ್ಕೆ ಸಕ್ಕರೆ ನೋಡಿದರು, 142 ಇತ್ತು. ಔಷಧಿ ಪುಟ ನೋಡಿ 12 ಯೂನಿಟ್ ಕೊಟ್ಟು ಸಹಿ ಮಾಡಿದರು. ಎಂಟಕ್ಕೆ ಪಾಳಿ ಬದಲಾಯಿತು. 8:10ಕ್ಕೆ ತಿಂಡಿಯ ಟ್ರಾಲಿ ಬಂತು, ಬೋರ್ಡು ನೋಡಿ ಮುಂದೆ ಹೋಯಿತು. ಒಂಬತ್ತಕ್ಕೆ ಆಗಬೇಕಿದ್ದ ಸ್ಕ್ಯಾನಿಂಗ್, ತುರ್ತು ಕೇಸೊಂದು ಬಂದು ಹಿಂದೆ ಬಿತ್ತು.

ಈ ಸಾದಾ ಇನ್ಸುಲಿನ್ ಚುಚ್ಚಿದ ಸುಮಾರು ಅರ್ಧ ಗಂಟೆಗೆ ಕೆಲಸ ಶುರುಮಾಡುತ್ತದೆ. ಎರಡರಿಂದ ನಾಲ್ಕು ಗಂಟೆಯ ನಡುವೆ ಅದರ ಜೋರು ಹೆಚ್ಚು. ಅದಕ್ಕೇ ಊಟ ತಿಂಡಿಗೆ ಅರ್ಧ ಗಂಟೆ ಮೊದಲು ಕೊಡುವುದು. ಹೊಟ್ಟೆಗೆ ಏನೂ ಬೀಳದಿದ್ದರೆ ಅದು ರಕ್ತದಲ್ಲಿದ್ದ ಸಕ್ಕರೆಯನ್ನೇ ಇಳಿಸುತ್ತಾ ಹೋಗುತ್ತದೆ. 7:20ಕ್ಕೆ ಕೊಟ್ಟಿದ್ದು ಒಂಬತ್ತೂವರೆಯ ಹೊತ್ತಿಗೆ ಸರಿಯಾಗಿ ಏರಿತ್ತು. ಅಂದರೆ ಇದು ಇನ್ಸುಲಿನ್ನಿನ "ಪರಿಚಿತ ತೊಡಕು" ಹೌದು. ಆದರೆ ಯಾವತ್ತು, ಯಾಕೆ ಆಯಿತು ಅನ್ನುವುದಕ್ಕೆ ನಮ್ಮಲ್ಲಿ ಕಾರಣ ಇತ್ತು: ಖಾಲಿ ಹೊಟ್ಟೆಯ ಆದೇಶ ಒಂದು ಪುಟದಲ್ಲಿ, ಇನ್ಸುಲಿನ್ ಇನ್ನೊಂದು ಪುಟದಲ್ಲಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಕೆಲಸ ಯಾರದ್ದೂ ಆಗಿರಲಿಲ್ಲ. ಸಿಸ್ಟರ್ ಬರೆದಿದ್ದನ್ನು ಮಾಡಿದರು. ಟ್ರಾಲಿಯವನೂ ಬರೆದಿದ್ದನ್ನೇ ಮಾಡಿದ. ಕರಡಿನಲ್ಲಿ "ಸಂಬಂಧಪಟ್ಟ ಸಿಬ್ಬಂದಿಗೆ ತಿಳುವಳಿಕೆ" ಅಂತ ಬರೆದು ಇಡೀ ವಿಷಯವನ್ನು ಒಬ್ಬ ಸಿಸ್ಟರ್ ತಲೆಗೆ ಕಟ್ಟಿ ಕೈತೊಳೆದುಕೊಂಡಿದ್ದರು.

ಆಮೇಲೆ ಆ ಅರ್ಧ ಗಂಟೆಯ ಪ್ರಶ್ನೆ. ಮಗಳು ಅರ್ಧ ಗಂಟೆ ಅನ್ನುತ್ತಾರೆ, ನಮ್ಮ ಕಡತ 14 ನಿಮಿಷ ಅನ್ನುತ್ತದೆ. ಇಂಥ ಕಡೆ ಆಸ್ಪತ್ರೆಯವರಿಗೆ ಒಂಥರಾ ಗೆದ್ದ ಖುಷಿ ಆಗುವುದನ್ನು ನೋಡಿದ್ದೇನೆ. "ನೋಡಿ, ದಾಖಲೆ ಇದೆ!"

ಆದರೆ ದಾಖಲೆ ಯಾವುದರದ್ದು? ಮಂಚದ ಪಕ್ಕದ ಕರೆಗಂಟೆಯದ್ದು. ಒತ್ತಿದ್ದು 9:42ಕ್ಕೆ, ಯಾರೋ ಬಂದು ಆರಿಸಿದ್ದು 9:56ಕ್ಕೆ. ಗ್ಲೂಕೋಮೀಟರಿನ ನೆನಪಿನಲ್ಲಿ 51 ಅನ್ನುವ ಅಂಕಿ 10:04ಕ್ಕೆ ದಾಖಲಾಗಿತ್ತು. ಬೆಲ್ ಆರಿಸಿದ ಎಂಟು ನಿಮಿಷ ಆದಮೇಲೆ ಸಕ್ಕರೆ ನೋಡಿದರಾ ಅಂತ ಗಾಬರಿಯಾಯಿತು. ವಾರ್ಡಿಗೆ ಹೋಗಿ ಎರಡೂ ಯಂತ್ರಗಳ ಗಡಿಯಾರ ಪಕ್ಕಪಕ್ಕ ಹಿಡಿದರೆ ಮೀಟರು ಆರು ನಿಮಿಷ ಮುಂದೆ ಓಡುತ್ತಿತ್ತು. ಅಂದರೆ ನಿಜವಾದ ಹೊತ್ತು 9:58. ಕೇಸ್ ಶೀಟಿನಲ್ಲಿ "ಬೆ. 10" ಅಂತ ದುಂಡಾಗಿ ಬರೆದಿದ್ದರು, ಅದು ಆಮೇಲೆ ಬರೆದದ್ದು. ಸಮಯಗಳನ್ನು ಹೋಲಿಸುವಾಗ ಮೊದಲು ಗಡಿಯಾರಗಳನ್ನು ಹೋಲಿಸದಿದ್ದರೆ ಇಲ್ಲದ ತಪ್ಪುಗಳು ಹುಟ್ಟುತ್ತವೆ, ಇರುವ ತಪ್ಪುಗಳು ಮುಚ್ಚಿಹೋಗುತ್ತವೆ.

ಮಗಳಿಗೆ ಇದನ್ನು ಹೇಳಿ, "ಆವತ್ತು ಯಾರಿಗಾದರೂ ಫೋನ್ ಮಾಡಿದ್ದಿರಾ?" ಅಂತ ಕೇಳಿದೆ. ಮೊಬೈಲಿನಲ್ಲಿ ನೋಡಿ, ತಮ್ಮನಿಗೆ 9:47ಕ್ಕೆ ಮಾಡಿದ್ದೇನೆ, ಅಷ್ಟು ಹೊತ್ತಿಗೆ ಸಕ್ಕರೆ ನೀರು ಕುಡಿಸಿ ಆಗಿತ್ತು ಅಂದರು. ಆಮೇಲೆ ಸಹಜವಾಗಿ ಒಂದು ಮಾತು ಸೇರಿಸಿದರು: ಬೆಲ್ ಒತ್ತುವುದಕ್ಕೂ ಮೊದಲು ಒಂಬತ್ತೂವರೆ ಸುಮಾರಿಗೆ ಸಿಸ್ಟರ್ ಕೌಂಟರಿಗೇ ಹೋಗಿದ್ದರಂತೆ. "ಅಮ್ಮ ಬೆವರ್ತಿದಾರೆ" ಅಂದಿದ್ದಕ್ಕೆ ಅಲ್ಲಿದ್ದ ಒಬ್ಬರು "ಬರ್ತಾರೆ, ಹೋಗಿರಿ" ಅಂದರಂತೆ. ಇದು ಯಾವ ಯಂತ್ರದಲ್ಲೂ ಇಲ್ಲ, ಯಾವ ಪುಟದಲ್ಲೂ ಇಲ್ಲ. ಒಂಬತ್ತೂವರೆಯಿಂದ 9:56 ಅಂದರೆ ಹೆಚ್ಚುಕಡಿಮೆ ಅರ್ಧ ಗಂಟೆಯೇ ಆಯಿತಲ್ಲ? 14 ನಿಮಿಷ ಅನ್ನುವುದು ಬೆಲ್ಲು ಕಾದ ಸಮಯ, ಮಗಳು ಕಾದ ಸಮಯ ಅಲ್ಲ.

ಸಿಸ್ಟರ್ ಜೊತೆಯೂ ಮಾತಾಡಿದೆ. ಆ ಹೊತ್ತಿಗೆ ಆ ವಾರ್ಡಿನಲ್ಲಿ 22 ಮಂಚಕ್ಕೆ ಮೂರು ಜನ ಸಿಸ್ಟರುಗಳು. ಒಬ್ಬರು ಆಪರೇಷನ್ ಆದ ರೋಗಿಯನ್ನು ಕರೆತರಲು ಹೋಗಿದ್ದರು, ಇನ್ನೊಬ್ಬರು ಯಾರದೋ ಡ್ರಿಪ್ ಸೂಜಿ ಬದಲಿಸುತ್ತಿದ್ದರು, ಈಕೆ ಇನ್ನೊಂದು ತುದಿಯ ಕೋಣೆಯಲ್ಲಿದ್ದರು. "ನಾನು ಗದರಲಿಲ್ಲ, ಏನು ಕೊಟ್ಟಿರಿ ಅಂತ ಕೇಳಿದೆ. ಅದು ಗೊತ್ತಾಗಬೇಕಿತ್ತು, ನಿದ್ದೆಗಣ್ಣಲ್ಲಿದ್ದವರಿಗೆ ಬಾಯಿಗೆ ಹಾಕಿದರೆ ಶ್ವಾಸನಾಳಕ್ಕೆ ಹೋಗಬಹುದು" ಅಂದರು. ಸ್ವಲ್ಪ ತಡೆದು, "ದನಿ ಜೋರಾಗಿರಬಹುದು. ಹೆದರಿದ್ದೆ" ಅಂದರು. ಇಬ್ಬರ ಮಾತೂ ನನಗೆ ನಿಜ ಅನ್ನಿಸಿತು.

ಇಷ್ಟು ಕೈಯಲ್ಲಿಟ್ಟುಕೊಂಡು ಬರೆಯಲು ಕೂತಾಗ ಮೊದಲು ಹರಿದುಹಾಕಿದ್ದು ಕ್ರಿಯಾಪದಗಳನ್ನು. "ಪರಿಶೀಲಿಸಲಾಗಿದೆ", "ಕಂಡುಬಂದಿರುತ್ತದೆ", "ಎಚ್ಚರ ವಹಿಸಲಾಗುವುದು". ಯಾರು ಪರಿಶೀಲಿಸಿದ್ದು, ಯಾರಿಗೆ ಕಂಡುಬಂದಿದ್ದು? ಕನ್ನಡದಲ್ಲಿ ಯಾರೂ ಹೀಗೆ ಮಾತಾಡುವುದಿಲ್ಲ, ತಾಲ್ಲೂಕು ಕಚೇರಿಯ ಕಾಗದಗಳು ಮಾತ್ರ ಮಾತಾಡುತ್ತವೆ :) "ಸದರಿ ರೋಗಿ" ಹೋಗಿ "ನಿಮ್ಮ ತಾಯಿ" ಆಯಿತು. "ಹೈಪೋಗ್ಲೈಸೀಮಿಯಾ" ಹೋಗಿ "ಸಕ್ಕರೆ ತೀರಾ ಇಳಿದುಹೋಗಿದ್ದು" ಆಯಿತು. ಜನ ಲೋ ಶುಗರ್ ಅಂತಲೂ ಅನ್ನುತ್ತಾರೆ, ಅದನ್ನೂ ಒಂದು ಕಡೆ ಹಾಕಿದೆ.

ಕಷ್ಟವಾಗಿದ್ದು ಕ್ಷಮೆಯ ಮಾತು. ಸಂಸ್ಥೆಯ ವಕೀಲರು ಕರಡು ನೋಡಿ "ಕ್ಷಮಿಸಿ ಅಂತ ಬರೆದರೆ ನಾಳೆ ಗ್ರಾಹಕರ ಆಯೋಗದಲ್ಲಿ ಅದನ್ನೇ ತೋರಿಸುತ್ತಾರೆ" ಅಂದರು. ಅವರ ಭಯ ಸುಮ್ಮನೆ ಹುಟ್ಟಿದ್ದಲ್ಲ. 1995ರಲ್ಲಿ ಸುಪ್ರೀಂ ಕೋರ್ಟು ವಿ.ಪಿ. ಶಾಂತಾ ಪ್ರಕರಣದಲ್ಲಿ, ದುಡ್ಡು ಪಡೆದು ಕೊಡುವ ವೈದ್ಯಕೀಯ ಸೇವೆಯೂ ಗ್ರಾಹಕ ಕಾನೂನಿನೊಳಗೆ ಬರುತ್ತದೆ ಅಂತ ಹೇಳಿತು. ಇಂಗ್ಲೆಂಡಿನಲ್ಲಿ 2006ರ ಪರಿಹಾರ ಕಾಯ್ದೆಯ ಎರಡನೇ ಸೆಕ್ಷನ್, ಕ್ಷಮೆ ಕೇಳಿದ ಮಾತ್ರಕ್ಕೆ ನಿರ್ಲಕ್ಷ್ಯ ಒಪ್ಪಿಕೊಂಡ ಹಾಗಲ್ಲ ಅನ್ನುತ್ತದೆ. ನಮ್ಮಲ್ಲಿ ಅಂಥ ಕಾಯ್ದೆ ಇಲ್ಲ.

ಹಾಗಂತ ಮುಚ್ಚಿಡುವುದರಿಂದ ಏನು ಉಳಿಯುತ್ತದೆ? 2002ರ ವೈದ್ಯಕೀಯ ಪರಿಷತ್ತಿನ ನಿಯಮಗಳ ಪ್ರಕಾರ ರೋಗಿಯೋ, ಅವರು ಅಧಿಕಾರ ಕೊಟ್ಟವರೋ ಕೇಳಿದರೆ 72 ಗಂಟೆಯೊಳಗೆ ದಾಖಲೆಗಳನ್ನು ಕೊಡಬೇಕು. 7:20ಕ್ಕೆ ಇನ್ಸುಲಿನ್, 8:10ಕ್ಕೆ ತಿಂಡಿ ಇಲ್ಲ, ಎರಡೂ ಆ ಕಾಗದದಲ್ಲೇ ಇವೆ. ನಾವು ಹೇಳದಿದ್ದರೆ ಇನ್ಯಾರೋ ಓದಿ ಹೇಳುತ್ತಾರೆ, ಆಗ ನಾವು ಮುಚ್ಚಿಟ್ಟೆವು ಅಂತಲೂ ಸೇರುತ್ತದೆ. ವಕೀಲರ ಜೊತೆ ಕೂತು ಒಂದು ಗೆರೆ ಎಳೆದುಕೊಂಡೆವು. ನಡೆದಿದ್ದನ್ನು ನಡೆದ ಹಾಗೆ ಹೇಳುವುದು, ಯಾವುದು ಆಗಬಾರದಿತ್ತೋ ಅದಕ್ಕೆ ಹೆಸರು ಹಿಡಿದು ಕ್ಷಮೆ ಕೇಳುವುದು. "ನಿರ್ಲಕ್ಷ್ಯ" ಅನ್ನುವ ಪದ ಬೇಡ, ಯಾಕೆಂದರೆ ಅದು ಘಟನೆಯ ಹೆಸರಲ್ಲ, ತೀರ್ಪು. "ನಿಮಗೆ ಹಾಗೆ ಅನ್ನಿಸಿದ್ದರೆ ಕ್ಷಮಿಸಿ" ಅನ್ನುವುದೂ ಬೇಡ ಅಂತ ನಾನು ಹಟ ಹಿಡಿದೆ. ಅದು ಕ್ಷಮೆ ಕೇಳಿದಂತೆ ಮಾಡಿ ತಪ್ಪನ್ನು ಅವರ ಅನ್ನಿಸಿಕೆಯ ಮೇಲೆ ಹಾಕುವ ಉಪಾಯ. ವಕೀಲರು ನಕ್ಕು ಒಪ್ಪಿದರು.

ಮುಂದಿನ ಕ್ರಮಗಳ ವಿಷಯದಲ್ಲಿ ನಾನು ಇಟ್ಟುಕೊಂಡ ಪರೀಕ್ಷೆ ಇಷ್ಟೇ: ಒಂದು ತಿಂಗಳು ಬಿಟ್ಟು ಆ ಮಗಳು ಫೋನ್ ಮಾಡಿ "ಅದು ಆಯಿತಾ?" ಅಂತ ಕೇಳಿದರೆ ಹೌದು ಅಥವಾ ಇಲ್ಲ ಅಂತ ಉತ್ತರ ಕೊಡಲು ಬರಬೇಕು. "ಎಚ್ಚರ ವಹಿಸಲಾಗುವುದು" ಈ ಪರೀಕ್ಷೆಯಲ್ಲಿ ನಪಾಸು. ಇನ್ನೂ ಮಾಡದಿರುವುದನ್ನು ಮಾಡಿದ್ದೇವೆ ಅಂತ ಬರೆಯುವ ಹಾಗೂ ಇಲ್ಲ. ಸಿಸ್ಟರುಗಳ ಸಂಖ್ಯೆ ಹೆಚ್ಚಿಸುತ್ತೇವೆ ಅಂತ ಬರೆಯಲು ನನಗೆ ಆಸೆಯಿತ್ತು. ಆಡಳಿತ ಮಂಡಳಿ ಒಪ್ಪಿರಲಿಲ್ಲ, ಬರೆಯಲಿಲ್ಲ.

ಕೊನೆಗೆ ಹೋದ ಪತ್ರ ಇದು. ದಿನಾಂಕ, ಹೆಸರುಗಳನ್ನು ತೆಗೆದಿದ್ದೇನೆ.

"ನಮಸ್ಕಾರ.

ನಿಮ್ಮ ಪತ್ರವನ್ನು ಓದಿದೆ. ತಾಯಿ ಬೆವರಿ, ಮಾತು ತೊದಲಿ, ನಿಮ್ಮನ್ನೇ ಗುರುತಿಸದ ಹಾಗಾದಾಗ ನೀವು ಅವರ ಪಕ್ಕದಲ್ಲಿ ಒಬ್ಬರೇ ಇದ್ದಿರಿ. ಆಸ್ಪತ್ರೆಯೊಳಗೇ ಇದ್ದೂ ಸಹಾಯಕ್ಕೆ ಯಾರೂ ಬರಲಿಲ್ಲ ಅನ್ನುವ ಆ ಹೊತ್ತಿನ ಭಯವನ್ನು ನೀವು ಬರೆದಿದ್ದೀರಿ. ಹಾಗಾಗಬಾರದಿತ್ತು. ಅದಕ್ಕಾಗಿ ನಿಮ್ಮ ಮತ್ತು ನಿಮ್ಮ ತಾಯಿಯ ಕ್ಷಮೆ ಕೇಳುತ್ತೇನೆ.

ನೀವು ಫೋನಿನಲ್ಲಿ ಕೇಳಿದ ಪ್ರಶ್ನೆಗೆ ಮೊದಲು ಉತ್ತರ. ನೀವು ಸಕ್ಕರೆ ನೀರು ಕುಡಿಸಿದ್ದು ತಪ್ಪಲ್ಲ. ಸಕ್ಕರೆ ಕಾಯಿಲೆ ಇದ್ದವರಿಗೂ, ಸಕ್ಕರೆ ತೀರಾ ಇಳಿದಾಗ, ಎಚ್ಚರವಿದ್ದು ನುಂಗಲು ಸಾಧ್ಯವಿದ್ದರೆ ಮೊದಲು ಕೊಡಬೇಕಾದದ್ದು ಅದನ್ನೇ. ನಿಮ್ಮ ತಾಯಿ ಲೋಟ ಹಿಡಿದು ಕುಡಿದರು ಅಂತ ನೀವು ಹೇಳಿದ್ದೀರಿ. ಅದರಿಂದ ಅವರಿಗೆ ಯಾವ ತೊಂದರೆಯೂ ಆಗಿಲ್ಲ, ಸಹಾಯವೇ ಆಗಿದೆ ಎಂದು ನಮ್ಮ ವೈದ್ಯರು ತಿಳಿಸಿದ್ದಾರೆ. ಮುಂದೆ ಮನೆಯಲ್ಲಿ ಯಾವಾಗಲಾದರೂ ಅವರಿಗೆ ಪೂರ್ತಿ ಎಚ್ಚರ ತಪ್ಪಿದ್ದರೆ ಮಾತ್ರ ಬಾಯಿಗೆ ಏನೂ ಹಾಕದೆ ತಕ್ಷಣ ಆಸ್ಪತ್ರೆಗೆ ಕರೆತನ್ನಿ.

ಆವತ್ತು ಏನಾಯಿತು ಎಂದು ತಿಳಿಯಲು ಕೇಸ್ ಶೀಟು, ಔಷಧಿ ಪಟ್ಟಿ, ಕರೆಗಂಟೆ ಮತ್ತು ಗ್ಲೂಕೋಮೀಟರಿನ ದಾಖಲೆಗಳನ್ನು ನೋಡಿದೆವು, ಆ ಪಾಳಿಯ ಸಿಸ್ಟರುಗಳ ಜೊತೆ ಮಾತಾಡಿದೆವು. ಸ್ಕ್ಯಾನಿಂಗ್ ಇದ್ದ ಕಾರಣ ನಿಮ್ಮ ತಾಯಿಗೆ ತಿಂಡಿ ಕೊಡಬಾರದೆಂದು ಹಿಂದಿನ ಸಂಜೆ ಆದೇಶವಾಗಿತ್ತು. ತಿಂಡಿ ಇಲ್ಲದಿರುವಾಗ ಬೆಳಗಿನ ಇನ್ಸುಲಿನ್ನಿನ ಆದೇಶವನ್ನೂ ಬದಲಿಸಬೇಕಿತ್ತು. ಅದು ಬದಲಾಗಲಿಲ್ಲ. 7:20ಕ್ಕೆ ಎಂದಿನಂತೆ 12 ಯೂನಿಟ್ ಕೊಡಲಾಯಿತು, ಆಮೇಲೆ ಅವರು ಏನೂ ತಿನ್ನಲಿಲ್ಲ, ಸ್ಕ್ಯಾನಿಂಗೂ ತಡವಾಯಿತು. ಅವರ ಸಕ್ಕರೆ ಇಳಿದದ್ದು ಇದರಿಂದ. ಎರಡು ಆದೇಶಗಳು ಎರಡು ಬೇರೆ ಪುಟಗಳಲ್ಲಿದ್ದು, ಒಟ್ಟಿಗೆ ನೋಡುವ ವ್ಯವಸ್ಥೆ ನಮ್ಮಲ್ಲಿರಲಿಲ್ಲ. ಇದು ನಮ್ಮ ವ್ಯವಸ್ಥೆಯ ಕೊರತೆ, ಒಬ್ಬ ಸಿಸ್ಟರ್ ಮಾಡಿದ್ದಲ್ಲ. ಇದಕ್ಕೂ ಕ್ಷಮೆ ಕೇಳುತ್ತೇನೆ.

9:58ಕ್ಕೆ ನೋಡಿದಾಗ ಸಕ್ಕರೆ 51 ಇತ್ತು. 70ಕ್ಕಿಂತ ಕಡಿಮೆಯಾದರೆ ಅದನ್ನು ಲೋ ಶುಗರ್ ಎನ್ನುತ್ತಾರೆ. ಅದು ನೀವು ಸಕ್ಕರೆ ನೀರು ಕೊಟ್ಟ ಮೇಲಿನ ಅಂಕಿ. ಅದಕ್ಕೂ ಮೊದಲು ಎಷ್ಟಿತ್ತು ಎಂದು ನಮ್ಮಲ್ಲಿ ಅಳತೆ ಇಲ್ಲ, ಇನ್ನೂ ಕಡಿಮೆ ಇದ್ದಿರಬಹುದು. 10:02ಕ್ಕೆ ಡ್ರಿಪ್ಪಿನ ಮೂಲಕ ಶೇಕಡ 25ರ ಗ್ಲೂಕೋಸ್ 100 ಮಿಲಿಲೀಟರ್ ಕೊಟ್ಟರು. 10:20ಕ್ಕೆ 134ಕ್ಕೆ ಬಂತು. ಆಮೇಲೆ ಸಂಜೆಯವರೆಗೆ ನೋಡಿದ ಯಾವ ಪರೀಕ್ಷೆಯಲ್ಲೂ ಮತ್ತೆ ಇಳಿದಿಲ್ಲ.

ಅರ್ಧ ಗಂಟೆ ಯಾರೂ ಬರಲಿಲ್ಲ ಎಂದು ಬರೆದಿದ್ದೀರಿ. ಕರೆಗಂಟೆಯ ದಾಖಲೆಯಲ್ಲಿ 9:42ರಿಂದ 9:56ರವರೆಗೆ 14 ನಿಮಿಷ ಇದೆ. ಅದಕ್ಕೂ ಮೊದಲೇ ನೀವು ಕೌಂಟರಿಗೆ ಬಂದು ಹೇಳಿದ್ದನ್ನು ಯಾರೂ ಬರೆದಿಟ್ಟಿಲ್ಲ. ಬರೆದಿಲ್ಲವೆಂದು ಅದು ನಡೆದಿಲ್ಲ ಎಂದು ನಾವು ಹೇಳುವುದಿಲ್ಲ. ಆ ಸ್ಥಿತಿಯಲ್ಲಿದ್ದವರಿಗೆ 14 ನಿಮಿಷವೇ ಹೆಚ್ಚು.

ಸಿಸ್ಟರ್ ಆಡಿದ ಮಾತಿನ ಬಗ್ಗೆ ನಿಮ್ಮ ನೆನಪು ಮತ್ತು ಅವರ ನೆನಪು ಬೇರೆಬೇರೆ ಇವೆ. ಏನು ಕೊಟ್ಟಿರಿ ಎಂದು ತಿಳಿದುಕೊಳ್ಳಲು ಕೇಳಿದೆ, ಆಗ ದನಿ ಜೋರಾಗಿರಬಹುದು ಎಂದು ಅವರು ಹೇಳಿದ್ದಾರೆ. ನಿಮಗೆ ನೋವಾಗಿದ್ದಕ್ಕೆ ಕ್ಷಮೆ ಕೇಳಿರುವುದಾಗಿ ನಿಮಗೆ ತಿಳಿಸಲು ಅವರೇ ಹೇಳಿದ್ದಾರೆ.

ಈಗ ಮಾಡಿರುವುದು: ಈ ತಿಂಗಳ 3ರಿಂದ, ಖಾಲಿ ಹೊಟ್ಟೆಯ ಆದೇಶ ಬರೆಯುವ ವೈದ್ಯರು ಅದೇ ಹೊತ್ತಿಗೆ ಇನ್ಸುಲಿನ್ನಿನ ಆದೇಶವನ್ನೂ ಹೊಸದಾಗಿ ಬರೆಯಬೇಕು. ಮಂಚದ ಮೇಲಿನ ಬೋರ್ಡಿನ ಜೊತೆ ಔಷಧಿ ಪಟ್ಟಿಯ ಮೇಲೂ ಹಳದಿ ಚೀಟಿ ಅಂಟಿಸುತ್ತಾರೆ. ಚೀಟಿ ಇದ್ದರೆ ವೈದ್ಯರನ್ನು ಕೇಳದೆ ಇನ್ಸುಲಿನ್ ಕೊಡುವುದಿಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಬೆಳಗಿನ ಸ್ಕ್ಯಾನಿಂಗಿನಲ್ಲಿ ಮೊದಲ ಸರದಿ ಕೊಡುತ್ತಿದ್ದೇವೆ. ಇನ್ನೂ ಆಗಬೇಕಿರುವುದು: ಐದು ನಿಮಿಷ ಯಾರೂ ಬರದಿದ್ದರೆ ಕರೆಗಂಟೆ ಮೇಲ್ವಿಚಾರಕಿಯ ಮೇಜಿನಲ್ಲೂ ಹೊಡೆಯುವಂತೆ ಬದಲಿಸುವುದು. ಈ ತಿಂಗಳ ಕೊನೆಯೊಳಗೆ ಮಾಡಿಸಲು ಹೇಳಿದ್ದೇವೆ. ಆದಮೇಲೆ, ಅಥವಾ ಆಗದಿದ್ದರೂ, ನಿಮಗೆ ಬರೆಯುತ್ತೇನೆ.

ಆ ಬೆಳಗಿನ ಗ್ಲೂಕೋಸ್ ಮತ್ತು ಪರೀಕ್ಷೆಗಳಿಗೆ ಹಿಡಿದಿದ್ದ 640 ರೂಪಾಯಿಯನ್ನು ವಾಪಸು ಮಾಡಿದ್ದೇವೆ. ಅದನ್ನು ನಿಮ್ಮಿಂದ ತೆಗೆದುಕೊಳ್ಳಬಾರದಿತ್ತು. ಅದನ್ನು ತೆಗೆದುಕೊಂಡರೆ ದೂರು ಬಿಟ್ಟ ಹಾಗೆ ಆಗುವುದಿಲ್ಲ.

ಈ ಉತ್ತರದಲ್ಲಿ ತಪ್ಪು ಅಥವಾ ಬಿಟ್ಟುಹೋದದ್ದು ಇದ್ದರೆ ನನಗೆ ನೇರವಾಗಿ ಫೋನ್ ಮಾಡಿ. ದಾಖಲೆಗಳ ಪ್ರತಿ ಬೇಕಾದರೆ ನಿಮ್ಮ ತಾಯಿಯ ಸಹಿಯಿರುವ ಅರ್ಜಿ ಕೊಟ್ಟ 72 ಗಂಟೆಯೊಳಗೆ ಕೊಡುತ್ತೇವೆ. ನಮ್ಮ ಉತ್ತರ ಒಪ್ಪಿಗೆಯಾಗದಿದ್ದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕೆ ದೂರು ಕೊಡಬಹುದು."

ಕೆಳಗೆ ಅಧೀಕ್ಷಕರ ಸಹಿ, ಅವರ ಮೇಜಿನ ಫೋನ್ ನಂಬರು. ಈ ನಂಬರಿಗೇ ಹೆಚ್ಚು ವಾದ ಆಯಿತು ಅಂದರೆ ನಂಬುತ್ತೀರಾ? ಕ್ಷಮೆಗೆ ಒಪ್ಪಿದವರು ನಂಬರಿಗೆ ಒಪ್ಪಲಿಲ್ಲ. "ಎಲ್ಲರೂ ಮಾಡುತ್ತಾರೆ" ಅಂತ. ಮಾಡಲಿ ಬಿಡಿ ಅಂದೆ.

ಪತ್ರ ಉದ್ದವಾಯಿತು ಅಂತ ಕೆಲವರು ಅಂದರು. ಎರಡೂವರೆ ಪುಟ. ಮೂರು ಪುಟ ಬರೆದವರಿಗೆ ಎಂಟು ಸಾಲಿನ ಉತ್ತರ ಕೊಡುವುದು ನನಗೇನೋ ಸರಿಕಾಣುವುದಿಲ್ಲ. ಇನ್ನೊಂದು ಮಾತು, ಇದನ್ನೇ ಅಚ್ಚು ಮಾಡಿಟ್ಟುಕೊಂಡು ಹೆಸರು ಬದಲಿಸಿ ಕಳಿಸೋಣ ಅಂತ ಆಗಲೇ ಒಬ್ಬರು ಕೇಳಿದ್ದಾರೆ! ಬಿದ್ದು ಕಾಲು ಮುರಿದುಕೊಂಡವರಿಗೆ ಸಕ್ಕರೆ ನೀರಿನ ಪ್ಯಾರಾ ಹೋದರೆ ಆಶ್ಚರ್ಯವಿಲ್ಲ.

ಮಗಳು ದಾಖಲೆಗಳ ಪ್ರತಿ ಕೇಳಿದರು. ಕೊಟ್ಟೆವು. ಪತ್ರದಲ್ಲಿದ್ದ ಸಮಯಗಳನ್ನೂ ಕಾಗದದಲ್ಲಿದ್ದ ಸಮಯಗಳನ್ನೂ ನನ್ನೆದುರಿಗೇ ಕೂತು ಬೆರಳಿಟ್ಟು ಒಂದೊಂದಾಗಿ ಹೋಲಿಸಿ ನೋಡಿದರು. "ಇಲ್ಲಿ ಹತ್ತು ಗಂಟೆ ಅಂತಿದೆಯಲ್ಲ?" ಅಂತ ಕೇಳಿದರು, ಮೀಟರಿನ ಗಡಿಯಾರದ ಕಥೆ ಹೇಳಿದೆ. ಪ್ರಾಧಿಕಾರಕ್ಕೆ ಹೋಗುವುದೋ ಬೇಡವೋ ಅಂತ ಇನ್ನೂ ಯೋಚಿಸುತ್ತಿದ್ದೇವೆ, ತಮ್ಮ ಹೋಗೋಣ ಅನ್ನುತ್ತಿದ್ದಾನೆ ಅಂದರು. ಅದು ಅವರಿಗೆ ಬಿಟ್ಟಿದ್ದು.

ಕರೆಗಂಟೆಯ ಕೆಲಸ ತಿಂಗಳ ಕೊನೆಗೆ ಮುಗಿಯಲಿಲ್ಲ. ಯಾವುದೋ ಬಿಡಿಭಾಗ ಬೆಂಗಳೂರಿನಿಂದ ಬರಬೇಕಂತೆ. ಹಾಗಂತ ಒಂದನೇ ತಾರೀಖು ಅವರಿಗೆ ನಾಲ್ಕು ಸಾಲಿನ ಪತ್ರ ಹಾಕಿದೆವು. ಎರಡು ವಾರ ಬಿಟ್ಟು ಭಾಗ ಬಂತು, ಜೋಡಿಸಿದರು, ನಾನೇ ಆ ಮಂಚದ ಮೇಲೆ ಕೂತು ಬೆಲ್ ಒತ್ತಿ ಐದು ನಿಮಿಷ ಕಾದೆ. ಮೇಲ್ವಿಚಾರಕಿಯ ಮೇಜಿನಲ್ಲಿ ಹೊಡೆಯಿತು. ಮೂರನೇ ಪತ್ರ ಮೊನ್ನೆ ಸೋಮವಾರ ಹೋಯಿತು.